ನಿಮ್ಮ ಹೆಡ್ ಮೇಡಂಗೆ ಒಂದು ಪ್ರಾರ್ಥನೆ

ಪ್ರಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಬೆಳಗಿನ ಅಸೆಂಬ್ಲಿಯಲ್ಲಿ ಎಲ್ಲ ಮಕ್ಕಳೂ ಸೇರಿ ಹೇಳಬಹುದಾದ ಒಂದು ಚಿಕ್ಕ ಪ್ರಾರ್ಥನೆ ಬೇಕು, ಅದನ್ನು ಮೇಡಂ ಓದುತ್ತಾರೆ, ಒಂದೂವರೆ ನಿಮಿಷ ಮೀರಬಾರದು. ಮೂಡುಬಿದಿರೆ ಕಡೆಯ ಸರ್ಕಾರಿ ಶಾಲೆ ಅಂದಮೇಲೆ ಸಾಲಿನಲ್ಲಿ ಯಾರ‍್ಯಾರು ನಿಂತಿರುತ್ತಾರೆ ಅಂತ ಊಹಿಸಬಲ್ಲೆ. ತುಳು ಮಾತಾಡುವ ಹಿಂದೂ ಮಕ್ಕಳು, ಬ್ಯಾರಿ ಮಕ್ಕಳು, ಕೊಂಕಣಿ ಮನೆಯ ಕ್ಯಾಥೊಲಿಕ್ ಮಕ್ಕಳು, ಜೈನರು, ಕೆಲಸ ಹುಡುಕಿಕೊಂಡು ಕಲಬುರಗಿ ಕಡೆಯಿಂದ ಬಂದ ಬೌದ್ಧ ಮನೆಯ ಒಬ್ಬಿಬ್ಬರು, ದೇವರನ್ನು ನಂಬದ ಮನೆಯ ಒಬ್ಬರಾದರೂ ಇದ್ದೇ ಇರುತ್ತಾರೆ. ಇವರೆಲ್ಲ ಮನಸ್ಸಿನಲ್ಲಿ ಏನನ್ನೂ ನುಂಗಿಕೊಳ್ಳದೆ ಒಟ್ಟಿಗೆ ಹೇಳುವಂಥದ್ದು ಬರೆಯಬೇಕು, ಅಲ್ವಾ?

ಮೊದಲು ನೀನು ಕೇಳಿದ ಇನ್ನೊಂದು ಪ್ರಶ್ನೆ. ಸೋಮವಾರ ಒಂದು ಶ್ಲೋಕ, ಮಂಗಳವಾರ ಬೈಬಲ್, ಬುಧವಾರ ಕುರಾನ್, ಹೀಗೆ ಸರದಿ ಮಾಡಿದರೆ ಹೇಗೆ ಅಂತ. ಆ ದಾರಿಯ ಮೇಲೆ ನನಗೆ ಗೌರವವಿದೆ. ಗಾಂಧೀಜಿ ತಮ್ಮ ಪ್ರಾರ್ಥನಾ ಸಭೆಗಳಲ್ಲಿ ಹಲವು ಧರ್ಮಗಳ ಭಾಗಗಳನ್ನು ಓದಿಸುತ್ತಿದ್ದರು. ಆದರೆ 1947ರ ಏಪ್ರಿಲ್‌ನಲ್ಲಿ ದೆಹಲಿಯಲ್ಲಿ ಕುರಾನ್ ಓದುವುದಕ್ಕೆ ಸಭೆಯಲ್ಲಿದ್ದವರು ಆಕ್ಷೇಪಿಸಿದಾಗ ಅವರು ಆ ಭಾಗವನ್ನು ಬಿಟ್ಟು ಮುಂದುವರಿಯಲಿಲ್ಲ, ಅವತ್ತಿನ ಪ್ರಾರ್ಥನೆಯನ್ನೇ ನಿಲ್ಲಿಸಿದರು. ಅಲ್ಲಿಗೆ ಬಂದವರು ದೊಡ್ಡವರು, ತಾವಾಗಿಯೇ ಬಂದವರು, ಬೇಡ ಅನ್ನಿಸಿದರೆ ಎದ್ದು ಹೋಗಬಹುದಿತ್ತು. ಆರನೇ ಕ್ಲಾಸಿನ ಹುಡುಗಿ ಎದ್ದು ಹೋಗಲಾರಳು. ಆಕ್ಷೇಪ ಇದ್ದರೂ ಬಾಯಿ ಬಿಟ್ಟು ಹೇಳಲಾರಳು. ಇನ್ನೊಂದು ತೊಡಕೂ ಇದೆ. ಸರದಿ ಅಂದ ಕೂಡಲೆ ಯಾರ ದಿನ ಯಾವುದು, ಯಾರಿಗೆ ಎಷ್ಟು ಸಾಲು, ಜೈನರ ದಿನ ಯಾಕಿಲ್ಲ ಅನ್ನುವ ಲೆಕ್ಕ ಶುರುವಾಗುತ್ತದೆ. ಒಂದು ದಿನ ತನ್ನದು, ಉಳಿದ ದಿನಗಳೆಲ್ಲ ಬೇರೆಯವರದು ಅಂತ ಮಗು ಕಲಿಯುತ್ತದೆ. ನಮಗೆ ಬೇಕಾದದ್ದು ಅದಲ್ಲ.

ಸಂವಿಧಾನದ 28ನೇ ವಿಧಿಯನ್ನು ಮೇಡಂಗೆ ಒಮ್ಮೆ ತೋರಿಸು. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿಯೂ, ಮಗುವಿನ ತಂದೆತಾಯಿ ಅಥವಾ ಪೋಷಕರು ಒಪ್ಪದಿದ್ದರೆ ಅದನ್ನು ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಹಾಗಾಗಿ ನಾವು ಬರೆಯುವುದು ಯಾವ ಧರ್ಮವನ್ನೂ ಕಲಿಸಬಾರದು, ಯಾವ ಧರ್ಮಕ್ಕೂ ಅಡ್ಡ ಬರಬಾರದು.

ಈಗ ನಿಜವಾದ ಕಷ್ಟ: ಯಾರನ್ನು ಕರೆಯುವುದು? "ಓ ದೇವರೇ" ಅಂತ ಶುರು ಮಾಡಿದರೆ ಎಲ್ಲರಿಗೂ ಆಯಿತು ಅಂದುಕೊಳ್ಳುತ್ತೇವೆ. ಆಗಲ್ಲ. ಜೈನರು ಲೋಕವನ್ನು ಸೃಷ್ಟಿಸಿದ ದೇವರನ್ನು ಒಪ್ಪುವುದಿಲ್ಲ, ಬೌದ್ಧರೂ ಅಷ್ಟೆ. ಎಲ್ಲ ದೇವರ ಹೆಸರನ್ನೂ ಸೇರಿಸಿ ಎಲ್ಲ ಒಂದೇ ಅಂದರೆ ಕೆಲವರಿಗೆ ಖುಷಿ, ಆದರೆ ಅಲ್ಲಾಹನ ಜೊತೆ ಇನ್ನೊಂದು ಹೆಸರು ಹೇಳುವುದು ಮುಸ್ಲಿಂ ಮಗುವಿಗೆ ತನ್ನ ನಂಬಿಕೆಯ ಬುಡಕ್ಕೇ ಬೀಳುವ ಪೆಟ್ಟು. ಕ್ರೈಸ್ತ ಮನೆಗಳಲ್ಲೂ ಅದನ್ನು ಒಪ್ಪದವರು ಬಹಳ ಜನ.

ಈ ಪ್ರಶ್ನೆ ನಮಗೆ ಮೊದಲ ಸಲ ಬಂದದ್ದೂ ಅಲ್ಲ. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯಲ್ಲಿ ಎಚ್.ವಿ. ಕಾಮತ್ ಅವರು, ನಿಮ್ಮ ಮಂಗಳೂರಿನಲ್ಲೇ ಹುಟ್ಟಿದವರು, ಪ್ರಸ್ತಾವನೆಯನ್ನು "ದೇವರ ಹೆಸರಿನಲ್ಲಿ" ಅಂತ ಶುರು ಮಾಡೋಣ ಎಂದು ತಿದ್ದುಪಡಿ ತಂದರು. ದೇವರ ಮೇಲೆ ವೋಟು ಹಾಕುವ ಸಂಕಟಕ್ಕೆ ನಮ್ಮನ್ನು ದೂಡಬೇಡಿ ಅಂತ ಸಭೆಯ ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಕಾಮತರನ್ನು ಕೇಳಿಕೊಂಡರು. ಕಾಮತರು ಪಟ್ಟು ಬಿಡಲಿಲ್ಲ. ಪರವಾಗಿ 41, ವಿರುದ್ಧವಾಗಿ 68 ವೋಟು ಬಿದ್ದವು. ವಿರೋಧಿಸಿದವರಲ್ಲಿ ಆಳವಾದ ದೈವಭಕ್ತರೂ ಇದ್ದರು. ಅವರು ಬೇಡ ಅಂದದ್ದು ದೇವರನ್ನಲ್ಲ, ಎಲ್ಲರ ಪರವಾಗಿ ಒಬ್ಬರು ದೇವರ ಹೆಸರು ಹೇಳುವುದನ್ನು. ಅದೇ ಸಂವಿಧಾನ ಪ್ರಮಾಣವಚನದಲ್ಲಿ ಎರಡೂ ದಾರಿ ಬಿಟ್ಟಿದೆ ನೋಡು. ದೇವರ ಹೆಸರಿನಲ್ಲಿಯೂ ಹೇಳಬಹುದು, ದೇವರ ಹೆಸರಿಲ್ಲದೆಯೂ ಹೇಳಬಹುದು. ನಾನು ಇದನ್ನೇ ಹಿಡಿದುಕೊಂಡೆ. ಬಾಯಲ್ಲಿ ಹೇಳುವ ಭಾಗದಲ್ಲಿ ಯಾರನ್ನೂ ಕರೆಯುವುದು ಬೇಡ. ಕರೆಯುವುದಕ್ಕೆ ಅಂತಲೇ ಸ್ವಲ್ಪ ಹೊತ್ತು ಮೌನ ಇಟ್ಟುಬಿಡೋಣ.

ಅದಕ್ಕೇ "ಕೊಡು", "ಕಾಪಾಡು" ಅನ್ನುವ ಕ್ರಿಯಾಪದ ಒಂದೂ ಇಲ್ಲ, ಎಲ್ಲ "ಬರಲಿ", "ಸೇರಲಿ". ನಂಬುವ ಮಗುವಿಗೆ ಅದು ದೇವರ ಹತ್ತಿರ ಕೇಳಿದ ಹಾಗೆ. ನಂಬದ ಮಗುವಿಗೆ ತನ್ನ ಆಸೆ ಹೇಳಿಕೊಂಡ ಹಾಗೆ. ಇಬ್ಬರೂ ಸುಳ್ಳು ಹೇಳಬೇಕಾಗಿಲ್ಲ.

ಇಗೋ:

ಮೇಡಂ: ಇನ್ನೊಂದು ಬೆಳಗು ನಮಗೆ ಸಿಕ್ಕಿದೆ.
ಉಸಿರಾಡಲು ಗಾಳಿ, ಕುಡಿಯಲು ನೀರು, ನಿಲ್ಲಲು ಈ ನೆಲ ಸಿಕ್ಕಿವೆ.
ಅನ್ನ ಬೆಳೆಯುವವರು, ಅಡುಗೆ ಮಾಡುವವರು, ನಮ್ಮನ್ನು ಸಾಕಿ ಸಲಹುವವರು ಇದ್ದಾರೆ.
ಇದು ನಮಗೆ ಮರೆಯದಿರಲಿ.
ಮಕ್ಕಳು: ಮರೆಯದಿರಲಿ.

ಮೇಡಂ: ನಿನ್ನೆ ನಮ್ಮಿಂದ ಯಾರಿಗಾದರೂ ನೋವಾಗಿದ್ದರೆ,
ಇವತ್ತು ಅವರ ಹತ್ತಿರ ಹೋಗಿ ಮಾತಾಡುವ ಧೈರ್ಯ ಬರಲಿ.
ಮಕ್ಕಳು: ಧೈರ್ಯ ಬರಲಿ.

ಮೇಡಂ: ಗೊತ್ತಿಲ್ಲದ್ದನ್ನು ಕೇಳಿ ತಿಳಿಯುವ ಆಸೆ,
ಬಿದ್ದವರನ್ನು ಎಬ್ಬಿಸುವ ಕರುಣೆ ನಮ್ಮಲ್ಲಿ ಬೆಳೆಯಲಿ.
ಮಕ್ಕಳು: ನಮ್ಮಲ್ಲಿ ಬೆಳೆಯಲಿ.

ಮೇಡಂ: ಇಲ್ಲಿ ಯಾರೂ ಒಂಟಿಯಾಗಿ ಕೂರದಿರಲಿ.
ಇವತ್ತು ಬರಲಾಗದವರು ಬೇಗ ನಮ್ಮ ಜೊತೆ ಸೇರಲಿ.
ಮಕ್ಕಳು: ಜೊತೆ ಸೇರಲಿ.

ಮೇಡಂ: ಈಗ ಅವರವರ ಮನಸ್ಸಿಗೆ ಬಂದ ಹಾಗೆ ಸ್ವಲ್ಪ ಹೊತ್ತು ಸುಮ್ಮನಿರೋಣ.
(ಹದಿನೈದು ಸೆಕೆಂಡು ಮೌನ)
ಮೇಡಂ: ಇವತ್ತಿನ ಕಲಿಕೆಗೆ ಹೋಗೋಣ.
ಮಕ್ಕಳು: ಒಟ್ಟಿಗೆ ಹೋಗೋಣ.

ಕೆಲವು ಸಾಲು ಹೀಗೇ ಯಾಕೆ ಬಂದವು ಅಂತ ಹೇಳುತ್ತೇನೆ, ಮೇಡಂ ಬದಲಾಯಿಸುವಾಗ ಉಪಯೋಗಕ್ಕೆ ಬರುತ್ತದೆ. ಅನ್ನದ ಸಾಲನ್ನು ಎಲ್ಲರೂ ಮೊದಲು "ನಾವು ಉಂಡ ಅನ್ನಕ್ಕಾಗಿ" ಅಂತ ಬರೆಯುತ್ತಾರೆ. ರಂಜಾನ್‌ನಲ್ಲಿ ಉಪವಾಸ ಇರುವ ಮಗು ಆ ಸಾಲನ್ನು ಹೇಳಿಕೊಂಡು ಸಂಜೆಯವರೆಗೆ ಕಾಯಬೇಕು. ಮನೆಯಲ್ಲಿ ತಿಂಡಿ ಇಲ್ಲದೆ ಬಿಸಿಯೂಟವನ್ನೇ ನಂಬಿ ಬರುವ ಮಗುವೂ ಅದೇ ಸಾಲಿನಲ್ಲಿ ನಿಂತಿರುತ್ತದೆ. ಬೆಳೆಯುವವರನ್ನು, ಬೇಯಿಸುವವರನ್ನು ನೆನೆದರೆ ಈ ಇಬ್ಬರೂ ಹೇಳಬಹುದು. ಶಾಲೆಯ ಬಿಸಿಯೂಟದ ಅಕ್ಕಂದಿರೂ ಅದರೊಳಗೆ ಬಂದರು. "ತಂದೆತಾಯಿ" ಅನ್ನದೆ "ಸಾಕಿ ಸಲಹುವವರು" ಅಂದದ್ದು ಅಜ್ಜಿ ಮನೆಯಲ್ಲಿ, ಹಾಸ್ಟೆಲಿನಲ್ಲಿ ಬೆಳೆಯುವ ಮಕ್ಕಳಿಗಾಗಿ. ಅಪ್ಪ ಅಮ್ಮನೇ ದೇವರು, ಗುರುವೇ ದೇವರು ಅನ್ನುವ ಸಾಲು ನಮಗೆ ಕೇಳಲು ಎಷ್ಟು ಹಿತವಾದರೂ, ದೇವರೊಬ್ಬನಿಗೇ ಆ ಮಾತು ಅನ್ನುವ ಮನೆಯ ಮಕ್ಕಳಿಗೆ ಅದು ಗಂಟಲಲ್ಲಿ ನಿಲ್ಲುತ್ತದೆ. ಅದಕ್ಕೇ ಬಿಟ್ಟೆ.

ನೋವಿನ ಸಾಲು ನನಗೆ ಎಲ್ಲಕ್ಕಿಂತ ಇಷ್ಟ. ಸುಮ್ನೆ "ನಮ್ಮ ತಪ್ಪುಗಳನ್ನು ಕ್ಷಮಿಸಿ" ಅಂತ ಬರೆಯುವುದು ಸುಲಭವಿತ್ತು, ಆದರೆ ಅದು ಯಾರಿಗೆ ಹೇಳಿದ್ದು? ನಿಮ್ಮೂರಿನ ಜೈನರು ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಒಬ್ಬರ ಹತ್ತಿರ ಒಬ್ಬರು ಹೋಗಿ ಕ್ಷಮೆ ಕೇಳುತ್ತಾರೆ. ಇಸ್ಲಾಮಿನಲ್ಲಿ ಮನುಷ್ಯನಿಗೆ ಮಾಡಿದ ತಪ್ಪನ್ನು ಆ ಮನುಷ್ಯನ ಹತ್ತಿರವೇ ಸರಿಮಾಡಿಕೊಳ್ಳಬೇಕು. ಕಾಣಿಕೆ ಕೊಡುವ ಮೊದಲು ಹೋಗಿ ಸಹೋದರನ ಜೊತೆ ರಾಜಿಯಾಗು ಅಂತ ಯೇಸು ಹೇಳಿದ್ದು ಮತ್ತಾಯನ ಸುವಾರ್ತೆಯಲ್ಲಿದೆ. ಮೂರೂ ಕಡೆ ನೊಂದವರ ಬಳಿಗೆ ಹೋಗಬೇಕು. ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ನಿನ್ನೆ ಜಗಳವಾಡಿದ ಹುಡುಗ ಎರಡು ಸಾಲು ಆಚೆ ನಿಂತಿರುತ್ತಾನೆ.

ಹೇಳುವ ರೀತಿಯ ಬಗ್ಗೆ ಒಂದು ಗಟ್ಟಿ ಮಾತು. ಕೈ ಮುಗಿಯಿರಿ, ಕಣ್ಣು ಮುಚ್ಚಿ ಅಂತ ಪಿ.ಟಿ. ಮೇಷ್ಟ್ರು ಮೈಕಿನಲ್ಲಿ ಹೇಳುವುದು ಬೇಡ. ದೀಪ, ಫೋಟೋ ಏನೂ ಎದುರಿಗೆ ಬೇಡ. ವಿಶ್ರಾಮ್‌ನಲ್ಲಿ ನಿಂತರೆ ಸಾಕು. ಕೈ ಮುಗಿಯುವವರು ಮುಗಿಯಲಿ, ಅಂಗೈ ಬಿಚ್ಚಿ ಹಿಡಿಯುವವರು ಹಿಡಿಯಲಿ, ಸುಮ್ಮನೆ ಇಳಿಬಿಟ್ಟವರನ್ನು ಯಾರೂ ಕೇಳಬಾರದು. ಮೊದಲ ದಿನ ಮೇಡಂ ಒಂದು ಮಾತು ಹೇಳಲಿ: ಹೇಳಲು ಇಷ್ಟವಿಲ್ಲದವರು ಸುಮ್ಮನೆ ನಿಂತರೂ ಅದು ಅಗೌರವ ಅಲ್ಲ. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳ ಮನೆಯ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲ ಅಂತ ಶಾಲೆಯಿಂದ ಹೊರಹಾಕಿದ್ದರು. ಅವರು ದಿನಾ ಎದ್ದು ಗೌರವದಿಂದ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ ಅಷ್ಟೆ. 1986ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಸೇರಿಸಿಕೊಳ್ಳಿ ಅಂದಿತು. ರಾಷ್ಟ್ರಗೀತೆಯ ವಿಷಯದಲ್ಲೇ ಹಾಗಿದ್ದ ಮೇಲೆ, ನಾವು ಬರೆದ ನಾಲ್ಕು ಸಾಲಿಗೆ ಯಾರ ತುಟಿ ಆಡಿತು, ಯಾರದು ಆಡಲಿಲ್ಲ ಅಂತ ನೋಡಿಕೊಂಡು ಓಡಾಡುವ ಹಕ್ಕು ಯಾವ ಮೇಷ್ಟ್ರಿಗೂ ಇಲ್ಲ.

ಇದು ಕೆಡುವುದಾದರೆ ಮೌನದಿಂದಲೇ ಶುರುವಾಗುತ್ತದೆ. ಮೊದಲ ವಾರ ಹದಿನೈದು ಸೆಕೆಂಡು, ಆಮೇಲೆ ಬಿಸಿಲು, ಪ್ರಕಟಣೆ, ತಡವಾಯಿತು ಅಂತ ಮೂರು ಸೆಕೆಂಡಿಗೆ ಬರುತ್ತದೆ. ಆಗ ನಂಬುವ ಮಕ್ಕಳಿಗೆ ದೇವರನ್ನು ನೆನೆಯಲು ಜಾಗವೇ ಇರುವುದಿಲ್ಲ, ಮನೆಯವರು ಇದೆಂಥ ಪ್ರಾರ್ಥನೆ ಅಂತ ಕೇಳುತ್ತಾರೆ, ಕೇಳುವುದು ಸರಿಯೇ. ಮೇಡಂ ಮನಸ್ಸಿನಲ್ಲೇ ನಿಧಾನವಾಗಿ ಹದಿನೈದು ಎಣಿಸಲಿ, ಮಕ್ಕಳಿಗೆ ಎಣಿಸಲು ಹೇಳುವುದು ಬೇಡ. ಹಬ್ಬದ ದಿನ ಯಾರಾದರೂ ಕೊನೆಗೆ ತಮ್ಮದೊಂದು ಸಾಲು ಸೇರಿಸಲು ಬಂದರೂ ಬೇಡ ಅನ್ನಬೇಕು. ಹಬ್ಬದ ಬಗ್ಗೆ ಪ್ರಾರ್ಥನೆ ಮುಗಿದ ಮೇಲೆ ಒಂದು ಮಗು ಬಂದು ಮಾತಾಡಲಿ, ಅದು ಚೆನ್ನಾಗಿರುತ್ತದೆ.

ಶುರು ಮಾಡುವ ಮೊದಲು ಬರೆದ ಹಾಳೆಯನ್ನು ಎಸ್‌ಡಿಎಂಸಿ ಸಭೆಯಲ್ಲಿ ಓದಿಸು. ಬ್ಯಾರಿ ಮನೆಯ, ಕ್ರೈಸ್ತ ಮನೆಯ, ಜೈನ ಮನೆಯ ಒಬ್ಬೊಬ್ಬ ತಾಯಿಯ ಹತ್ತಿರ ಬೇರೆಯಾಗಿಯೂ ಕೇಳು, ಸಭೆಯಲ್ಲಿ ಅವರು ಬಾಯಿ ಬಿಡದೇ ಇರಬಹುದು. ಯಾವ ಸಾಲಿಗೆ ಯಾರು ತಡೆದರು ಅಂತ ನನಗೆ ಬರೆ, ಆ ಸಾಲನ್ನು ಬದಲಾಯಿಸಿ ಕಳಿಸುತ್ತೇನೆ. ಜೂನ್ ತಿಂಗಳಲ್ಲಿ ನಿಮ್ಮ ಕಡೆ ಮೈದಾನದಲ್ಲಿ ನಿಲ್ಲುವ ಹಾಗಿಲ್ಲವಲ್ಲ, ಆಗ ಪ್ರತಿ ಕ್ಲಾಸಿಗೆ ಒಂದೊಂದು ಪ್ರತಿ ಕೊಟ್ಟರೆ ಟೀಚರೇ ಓದಿಸಬಹುದು.

ನಿನ್ನ ಗೆಳೆಯ