ಹೈ ಪ್ರೆಶರ್ ಅಲಾರ್ಮ್: ಸಕ್ಷನ್‌ಗೆ ಮೊದಲು ಒಂದು ಮಾತು

ವೆಂಟಿಲೇಟರ್‌ನಲ್ಲಿ ಹೈ ಪ್ರೆಶರ್ ಅಲಾರ್ಮ್ ಬಂದ ತಕ್ಷಣ ಸುಮ್ನೆ ಸಕ್ಷನ್ ಕ್ಯಾತಿಟರ್ ಹಿಡಿಯಬೇಡಿ. ಮೊದಲು ರೋಗಿಯನ್ನು ನೋಡಿ.

ವಾಲ್ಯೂಮ್ ಕಂಟ್ರೋಲ್‌ನಲ್ಲಿರುವ ರೋಗಿಯ ಪೀಕ್ ಪ್ರೆಶರ್ 24ರಿಂದ 42ಕ್ಕೆ ಏರಿದೆ ಅಂದುಕೊಳ್ಳಿ. ಇನ್‌ಸ್ಪಿರೇಟರಿ ಹೋಲ್ಡ್ ಕೊಟ್ಟರೆ ಪ್ಲಾಟೋ 18 ಮಾತ್ರ. ಅಂದರೆ ಶ್ವಾಸಕೋಶ ಬಿಗಿಯಾಗಿಲ್ಲ, ಗಾಳಿಯ ದಾರಿಯಲ್ಲಿ ಅಡ್ಡಿ ಇದೆ. ಟ್ಯೂಬ್ ಮಡಚಿದೆಯಾ, ರೋಗಿ ಕಚ್ಚಿದ್ದಾರಾ, ವೀಜಿಂಗ್ ಇದೆಯಾ? ಫ್ಲೋ ಗೆರೆ ಗರಗಸದ ಹಲ್ಲಿನಂತಿದ್ದರೆ ಕಫ ಇರಬಹುದು. ಸರ್ಕ್ಯೂಟ್‌ನಲ್ಲಿ ನೀರು ನಿಂತರೂ ಹೀಗೇ ಕಾಣುತ್ತದೆ, ಅದನ್ನೂ ನೋಡಿ.

ಕಫವೇ ಆದರೆ 30ರಿಂದ 60 ಸೆಕೆಂಡ್ 100% ಆಕ್ಸಿಜನ್ ಕೊಟ್ಟು ಸಕ್ಷನ್ ಮಾಡಿ. ಒಂದು ಸಲಕ್ಕೆ 15 ಸೆಕೆಂಡ್ ಮೀರಬಾರದು. ಪೀಕ್ ಎಷ್ಟು ಇಳಿಯಿತು ಅಂತ ಬರೆದಿಡಿ.

ಪ್ಲಾಟೋ ಕೂಡ ಏರಿದ್ದು, ಒಂದು ಕಡೆ ಉಸಿರಿನ ಸದ್ದಿಲ್ಲ, ಬಿಪಿ ಬೀಳುತ್ತಿದೆ ಅಂದರೆ ನ್ಯೂಮೊಥೊರಾಕ್ಸ್ ಇರಬಹುದು. ಆಗ ಸಕ್ಷನ್ ಬೇಡ, ತಕ್ಷಣ ಡಾಕ್ಟರನ್ನು ಕರೆಯಿರಿ.

ವೀನಿಂಗ್ ಹೊತ್ತಲ್ಲೂ ಪದೇ ಪದೇ ಸಕ್ಷನ್ ಬೇಕಾಗುತ್ತಿದ್ದರೆ, ಟ್ಯೂಬ್ ತೆಗೆಯುವ ಮೊದಲು ಕೆಮ್ಮಿನ ಬಲ ನೋಡಿ ರೌಂಡ್ಸ್‌ನಲ್ಲಿ ಹೇಳಿ.