ಸಬ್‌ಮೀಟರ್ ಕರೆಂಟ್, ನೀರಿನ ಬಿಲ್: ಎಲ್ಲ ಬಾಡಿಗೆದಾರರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ತಿಂಗಳಿಂದ ರೀಡಿಂಗ್ ಪ್ರತಿ 1ನೇ ತಾರೀಖು, ಬೆಳಿಗ್ಗೆ 7ರಿಂದ 9. ಮೇನ್ ಮೀಟರನ್ನೂ ಎಂಟು ಸಬ್‌ಮೀಟರುಗಳನ್ನೂ ಒಂದೇ ದಿನ ನೋಡುತ್ತೇವೆ. ದಿನ ಬೇರೆಯಾದರೆ ಮನೆಗಳ ಯೂನಿಟ್ಟು ಕಾಮನ್ ಲೆಕ್ಕಕ್ಕೆ ಸೇರಿಬಿಡುತ್ತದೆ.

203ನೇ ಮನೆಯ ಮಾದರಿ ಲೆಕ್ಕ:
ಕರೆಂಟ್: 4437 − 4312 = 125 ಯೂನಿಟ್. ಮೇನ್ ಬಿಲ್ ₹9,600, ಒಟ್ಟು 1,200 ಯೂನಿಟ್, ಅಂದರೆ ಯೂನಿಟ್‌ಗೆ ₹8. ಮೊತ್ತ ₹1,000.
ಕಾಮನ್: ಎಂಟು ಮನೆಗಳದ್ದು ಸೇರಿ 1,080. ಉಳಿದ 120 ಯೂನಿಟ್ ಮೋಟರ್, ಮೆಟ್ಟಿಲ ದೀಪದ್ದು: ₹960 ÷ 8 = ₹120.
ನೀರು: 297 − 286 = 11 ಯೂನಿಟ್ (ಯೂನಿಟ್ ಅಂದರೆ 1,000 ಲೀಟರ್). ನೀರಿನ ಬಿಲ್, ಟ್ಯಾಂಕರ್ ಸೇರಿ ₹4,400, ಎಲ್ಲ ಮನೆಗಳದ್ದು 88 ಯೂನಿಟ್, ದರ ₹50. ಮೊತ್ತ ₹550.
ಒಟ್ಟು ₹1,670.

ನೀರಿನ ಮೀಟರಿನಲ್ಲಿ ಕಪ್ಪು ಅಂಕಿ ಮಾತ್ರ ಓದಿ. ಕೆಂಪಂಕಿ ಸಾವಿರ ಲೀಟರಿಗಿಂತ ಕಡಿಮೆಯದ್ದು. ನೀರಿನ ಬಿಲ್ ದಿಢೀರ್ ಏರಿದರೆ ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರಿನ ಪುಟ್ಟ ಚಕ್ರ ನೋಡಿ. ತಿರುಗುತ್ತಿದ್ದರೆ ಸೋರಿಕೆ ಇದೆ, ಬಹುತೇಕ ಫ್ಲಶ್ ಟ್ಯಾಂಕಿನಲ್ಲೇ.

1ರಂದು ನಿಮ್ಮ ಎರಡೂ ಮೀಟರುಗಳ ಫೋಟೊ ಇಲ್ಲಿ ಹಾಕಿ. ಊರಲ್ಲಿ ಇಲ್ಲದವರು ಮೊದಲೇ ತಿಳಿಸಿ. ಲೆಕ್ಕ 5ಕ್ಕೆ ಬರುತ್ತದೆ, ತಕರಾರಿದ್ದರೆ 7ರೊಳಗೆ ಹೇಳಿ, ಹಣ 10ರೊಳಗೆ ಕೊಡಿ. ಓದಿದವರು ಮನೆ ನಂಬರ್ ಹಾಕಿ 'ಸರಿ' ಎಂದು ಉತ್ತರಿಸಿ.