ಯಾವ ಪುಟದಲ್ಲಿ ನಂಬಿಕೆ ಹೋಯ್ತು, ಅಂತ ಕೇಳು ಮಗಳೇ

ಪುಟ್ಟಿ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿದಾಗಿನಿಂದ ಮನಸ್ಸು ಅಲ್ಲೇ ಇದೆ. ವರ್ಷವಿಡೀ ಅಷ್ಟು ದುಡಿದು ಕೊನೆಗೆ ಆಫೀಸಿನ ರಿವ್ಯೂನಲ್ಲಿ ಐದಕ್ಕೆ ಮೂರು ಅಂಕ, ಜೊತೆಗೆ ‘ಓನರ್‌ಶಿಪ್ ಇನ್ನೂ ಜಾಸ್ತಿ ಬೇಕು’ ಅಂತ ಒಂದು ಸಾಲು. ಅದಕ್ಕೆ ನೀನು, ‘ನಾನು ಹೇಗೆ ಸುಧಾರಿಸಿಕೊಳ್ಳಲಿ?’ ಅಂತ ಕೇಳಿದೆಯಂತೆ. ನಿನ್ನ ಮ್ಯಾನೇಜರ್, ‘ಏನಿಲ್ಲ, ಹೀಗೇ ಮಾಡ್ತಾ ಇರು’ ಅಂದರಂತೆ. ನಿನಗೆ ಸಿಟ್ಟು ಬಂದದ್ದು ಸರಿ. ಆದರೆ ನೀನು ಕೇಳಿದ ಪ್ರಶ್ನೆಗೆ ಬೇರೆ ಉತ್ತರ ಬರುವುದು ಕಷ್ಟ. ಯಾಕೆ ಅಂತ ಹೇಳುತ್ತೇನೆ. ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿದ್ದು, ಜನರ ಸಾಲದ ಪ್ರಪೋಸಲ್‌ಗಳನ್ನು ವಾಪಸ್ ಕಳಿಸಿದವಳು ನಾನು. ಕೈಕೆಳಗಿನವರಿಗೆ ವರ್ಷಕ್ಕೊಮ್ಮೆ ಅಂಕ ಹಾಕಿದವಳೂ ನಾನೇ.

ನೀನು ಆಗ ಹೈಸ್ಕೂಲು. ನಾನು ಇಲ್ಲೇ ದಾವಣಗೆರೆಯ ಶಾಖೆಯಲ್ಲಿದ್ದೆ. ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ ಒಬ್ಬರು ಹುರಿಯುವ ಮಷಿನ್‌ಗೆ ಅಂತ 6 ಲಕ್ಷ ಸಾಲ ಕೇಳಿದ್ದರು. ನಾನು ಒಪ್ಪಲಿಲ್ಲ. ಸಾಲ ಕೊಡದಿದ್ದರೆ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಾವು ಏನು ಬರೆಯುತ್ತಿದ್ದೆವು ಗೊತ್ತಾ? ‘ಯೋಜನೆ ಲಾಭದಾಯಕವಾಗಿ ಕಾಣುತ್ತಿಲ್ಲ.’ ಎಲ್ಲರಿಗೂ ಅದೇ ಸಾಲು. ನಿನ್ನ ‘ಓನರ್‌ಶಿಪ್’ ಥರವೇ. ಸುಳ್ಳಲ್ಲ, ಆದರೆ ಅದನ್ನು ಹಿಡಿದುಕೊಂಡು ಯಾರೂ ಏನೂ ಸರಿ ಮಾಡಿಕೊಳ್ಳಲು ಆಗುವುದಿಲ್ಲ.

ಪತ್ರ ಸಿಕ್ಕ ಕೂಡಲೇ ಬಂದು ‘ಯಾಕೆ ಮೇಡಂ ಕೊಡಲಿಲ್ಲ’ ಅನ್ನುವವರೇ ಜಾಸ್ತಿ. ಆ ಪ್ರಶ್ನೆ ಕೇಳಿದ ತಕ್ಷಣ ಕುರ್ಚಿಯಲ್ಲಿ ಕೂತವರು ತಮ್ಮ ತೀರ್ಮಾನವನ್ನು ಕಾಪಾಡಿಕೊಳ್ಳಲು ಶುರು ಮಾಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ನಿಯಮ, ಸರ್ಕ್ಯುಲರ್, ಮೇಲಿನವರು ಅಂತ ಏನೇನೋ ಹೇಳಿ ಕಳಿಸುತ್ತಿದ್ದೆ. ಈ ಮನುಷ್ಯ ಮಾತ್ರ ನಾಲ್ಕು ದಿನ ಬಿಟ್ಟು, ಮಧ್ಯಾಹ್ನ ರಶ್ ಕಡಿಮೆಯಾದ ಮೇಲೆ ಬಂದರು. ಸಾಲದ ಅರ್ಜಿಯ ಜೊತೆ ಕೊಟ್ಟಿದ್ದ ತಮ್ಮ ರಿಪೋರ್ಟನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ‘ಮೇಡಂ, ಸಾಲ ಕೊಡ್ರಿ ಅಂತ ಬಂದಿಲ್ಲ. ಇದನ್ನ ಓದ್ತಾ ಯಾವ ಪುಟದಲ್ಲಿ ನಿಮಗೆ ನಂಬಿಕೆ ಹೋಯ್ತು, ಅಷ್ಟು ತೋರಿಸಿ ಸಾಕು’ ಅಂದರು.

ನನ್ನ ಬೆರಳು ತಾನಾಗಿಯೇ ಐದನೇ ಪುಟಕ್ಕೆ ಹೋಯಿತು! ಅಲ್ಲಿ ತಿಂಗಳಿಗೆ 300 ಮೂಟೆ ಅಂತ ಹನ್ನೆರಡು ತಿಂಗಳಿಗೂ ಒಂದೇ ಅಂಕಿ ಇತ್ತು. ‘ನೀವು ಅಂಗಳದಲ್ಲಿ ಬಿಸಿಲಿಗೆ ಒಣಗಿಸುವವರು. ಮಳೆಗಾಲದಲ್ಲೂ 300 ಹೇಗೆ ಬರುತ್ತೆ?’ ಅಂದೆ. ಅವರು ವಾದ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂರು ತಿಂಗಳು ಅರ್ಧಕ್ಕೆ ಇಳಿಯುತ್ತೆ’ ಅಂತ ಒಪ್ಪಿಕೊಂಡರು. ಅಲ್ಲೇ ಕೂತು ಲೆಕ್ಕ ಹಾಕಿದೆವು. ವರ್ಷಕ್ಕೆ 3,600 ಮೂಟೆ ಹೋಗಿ 3,150 ಆಯಿತು. ಮೂಟೆಗೆ ಕೈಗೆ ಉಳಿಯುವುದು 75 ರೂಪಾಯಿ. ಅಂದರೆ 2,70,000 ಇದ್ದದ್ದು 2,36,250ಕ್ಕೆ ಇಳಿಯಿತು. 6 ಲಕ್ಷಕ್ಕೆ ಮೊದಲ ವರ್ಷ ಅಸಲು, ಬಡ್ಡಿ ಸೇರಿ ಕಟ್ಟಬೇಕಾದದ್ದು 1,80,000. ಕಟ್ಟುವ ಒಂದು ರೂಪಾಯಿಗೆ ಕೈಗೆ ಬರುವುದು ಒಂದೂವರೆ ರೂಪಾಯಿಯಾದರೂ ಇರಲಿ ಅಂತ ನಾನು ನೋಡುತ್ತಿದ್ದೆ. ಕಾಗದದ ಮೇಲೆ ಸರಿಯಾಗಿ ಒಂದೂವರೆ ಬರೆದು ತಂದಿದ್ದರು, ನಿಜದಲ್ಲಿ 1.31 ಇತ್ತು. ಸಾಲವನ್ನು 5 ಲಕ್ಷಕ್ಕೆ ಇಳಿಸಿದರೆ ಕಟ್ಟುವುದು 1,50,000, ಆಗ 1.575 ಆಗುತ್ತೆ. ಮಷಿನ್‌ಗೆ ಕಡಿಮೆ ಬೀಳುವ ಒಂದು ಲಕ್ಷ ಅವರೇ ಹೊಂದಿಸಿಕೊಳ್ಳಬೇಕಾಯಿತು. ಹೊಂದಿಸಿಕೊಂಡರು.

ಅವರ ಪ್ರಶ್ನೆಯಲ್ಲಿ ಏನಿತ್ತು ನೋಡು. ತೀರ್ಮಾನ ಬದಲಿಸಿ ಅಂತ ಇರಲಿಲ್ಲ. ನನ್ನನ್ನು ಅಳೆಯಿರಿ ಅಂತಲೂ ಇರಲಿಲ್ಲ. ಒಂದು ಜಾಗ ತೋರಿಸಿ ಅಂತ ಇತ್ತು, ಅಷ್ಟೇ. ‘ಹೇಗೆ ಸುಧಾರಿಸಿಕೊಳ್ಳಲಿ’ ಅಂತ ಕೇಳಿದರೆ ನಿನ್ನ ಮ್ಯಾನೇಜರ್ ಇಡೀ ವರ್ಷವನ್ನು ನೆನಪಿಸಿಕೊಳ್ಳಬೇಕು. ನಿನ್ನ ಮನಸ್ಸು ನೋಯದ ಹಾಗೆ ಮಾತೂ ಹುಡುಕಬೇಕು. ಅದಕ್ಕಿಂತ ‘ಹೀಗೇ ಮಾಡ್ತಾ ಇರು’ ಅನ್ನುವುದು ಸುಲಭ. ಅಂಕ ಹಾಕುವ ಕುರ್ಚಿಯಲ್ಲಿ ಕೂತವರಿಗೂ ಭಯ ಇರುತ್ತೆ ಪುಟ್ಟಿ, ಎದುರಿಗಿರುವವರು ಅಳುತ್ತಾರೋ, ಜಗಳಕ್ಕೆ ಬರುತ್ತಾರೋ ಅಂತ.

ಅದಕ್ಕೇ ನೀನು ಒಂದೇ ಒಂದು ಕೆಲಸ ಆರಿಸಿಕೋ. ಆ ಜುಲೈ ತಿಂಗಳ ರಿಪೋರ್ಟ್, ಹೊರಗಿನ ಕಂಪನಿಯವರು ಫೈಲ್ ಕೊಡದೆ ಮೂರು ದಿನ ತಡವಾಯಿತಲ್ಲ, ಅದನ್ನೇ ಹಿಡಿ. ಒಂದು ವಾರ ಬಿಟ್ಟು ಹೀಗೆ ಮೆಸೇಜ್ ಹಾಕು: ‘ರೇಟಿಂಗ್ ಬಗ್ಗೆ ಮಾತಾಡಲು ಅಲ್ಲ. ಜುಲೈ ರಿಪೋರ್ಟ್ ತಡವಾದಾಗ ನಾನು ಯಾವ ಹಂತದಲ್ಲಿ ಬೇರೆ ಥರ ಮಾಡಬೇಕಿತ್ತು ಅಂತ ನಿಮ್ಮಿಂದ ತಿಳಿಯಬೇಕು. ಗುರುವಾರ ಹದಿನೈದು ನಿಮಿಷ ಸಿಗುತ್ತಾ?’ ಮುಂಚೆಯೇ ಪ್ರಶ್ನೆ ಕಳಿಸಿದರೆ ಅವರೂ ಯೋಚನೆ ಮಾಡಿಕೊಂಡು ಬರುತ್ತಾರೆ. ರಿವ್ಯೂ ದಿನವೇ ಬಾಗಿಲು ತಟ್ಟಬಾರದು. ನಾನು ಒಮ್ಮೆ ಹಾಗೆ ಮಾಡಿದ್ದೆ. ಅಂಕ ಕಡಿಮೆ ಬಂದ ದಿನ ಸಂಜೆಯೇ ಸಾಹೇಬರ ಕ್ಯಾಬಿನ್‌ಗೆ ನುಗ್ಗಿ ‘ನನಗೆ ಯಾಕೆ ಕಡಿಮೆ’ ಅಂದೆ. ಇಪ್ಪತ್ತು ನಿಮಿಷ ಬೇರೆಯವರ ಅಂಕದ ಬಗ್ಗೆಯೇ ಮಾತಾಯಿತು. ನನ್ನ ಕೆಲಸದ ಬಗ್ಗೆ ಒಂದು ಮಾತೂ ಬರಲಿಲ್ಲ. ಆ ಸಂಜೆ ಮನೆಗೆ ಬಂದು ನಾನು ಅತ್ತದ್ದು ನಿಮ್ಮ ಅಪ್ಪಾಜಿಗೆ ಮಾತ್ರ ಗೊತ್ತು.

ಅಲ್ಲಿ ಕೂತಾಗ ನಿನಗೆ ಅತಿ ಕಷ್ಟವಾಗುವುದು ಸುಮ್ಮನಿರುವುದು. ‘ನೀನು ಮೂರನೇ ದಿನ ಹೇಳಿದೆ’ ಅಂತ ಅವರು ಅಂದ ಕೂಡಲೇ, ‘ಅವರು ಫೈಲೇ ಕೊಡಲಿಲ್ಲ ಸರ್’ ಅನ್ನಲು ನಾಲಿಗೆ ತುದಿಗೆ ಬಂದಿರುತ್ತೆ. ಅದು ನಿಜವೇ ಇರಬಹುದು. ಆದರೂ ಆಗ ಬೇಡ. ನೀನು ಸಮರ್ಥನೆಗೆ ಇಳಿದರೆ ಅವರು ಎರಡನೇ ಮಾತು ಹೇಳುವುದಿಲ್ಲ, ಮತ್ತು ಮುಖ್ಯವಾದದ್ದು ಸಾಮಾನ್ಯವಾಗಿ ಎರಡನೇ ಮಾತಿನಲ್ಲೇ ಇರುತ್ತೆ. ಬರೆದುಕೋ. ಆಮೇಲೆ ನಿನ್ನ ಮಾತಿನಲ್ಲಿ ವಾಪಸ್ ಹೇಳು: ‘ಅಂದರೆ ಮೊದಲ ದಿನ ಸಂಜೆಯೇ ನಿಮಗೆ ತಿಳಿಸಿ, ಹಳೇ ಫೈಲ್‌ನಲ್ಲಿ ಕೆಲಸ ಶುರು ಮಾಡ್ಲಾ ಅಂತ ಕೇಳಬೇಕಿತ್ತು, ಅಲ್ವಾ?’ ಅವರು ಹೌದು ಅಂದರೆ ‘ಓನರ್‌ಶಿಪ್’ ಅಂದರೆ ಅವರ ಬಾಯಲ್ಲಿ ಏನು ಅಂತ ನಿನಗೆ ಸಿಕ್ಕಿತು. ಮುಂದಿನ ಸಲ ಯಾವ ದಿನ, ಯಾರಿಗೆ, ಏನು ಹೇಳಬೇಕು ಅಂತ ಗೊತ್ತಾಗುವ ಹಾಗಿದ್ದರೆ ಅದು ಉಪಯೋಗಕ್ಕೆ ಬರುವ ಉತ್ತರ. ‘ಇನ್ನೂ ಚುರುಕಾಗಿರು’ ಅಂತ ಬಂದರೆ, ‘ಯಾವಾಗ ಹಾಗೆ ಅನ್ನಿಸಿತು, ಒಂದು ಸಲದ್ದು ಹೇಳ್ತೀರಾ?’ ಅಂತ ಮೆತ್ತಗೆ ಇನ್ನೊಮ್ಮೆ ಕೇಳು.

ಒಂದೊಂದು ಸಲ ತಪ್ಪು ಕೆಲಸದಲ್ಲಿ ಇರುವುದೇ ಇಲ್ಲ. ಇಷ್ಟು ಜನಕ್ಕೆ ಮಾತ್ರ ನಾಲ್ಕು, ಐದು ಕೊಡಬೇಕು ಅಂತ ಮೇಲಿನಿಂದ ಬಂದಿರುತ್ತೆ. ಅದನ್ನೂ ನೇರ ಕೇಳು: ‘ಇದನ್ನು ಸರಿ ಮಾಡಿಕೊಂಡಿದ್ದರೆ ನಾಲ್ಕು ಬರ್ತಿತ್ತಾ?’ ಅವರು ತಡವರಿಸಿದರೆ ನಿನಗೆ ಅರ್ಥವಾಗುತ್ತೆ. ಆಗ ನಿನ್ನನ್ನು ನೀನು ಕೊರೆದುಕೊಳ್ಳಬೇಡ. ಆ ರಿಪೋರ್ಟಿನಲ್ಲಿ ನಿನ್ನ ಜೊತೆ ಕೂತು ಕೆಲಸ ಮಾಡಿದವರನ್ನು ಇದೇ ಪ್ರಶ್ನೆ ಕೇಳು. ಅವರು ಹತ್ತಿರದಿಂದ ನೋಡಿರುತ್ತಾರೆ, ಅವರ ಕೈಯಲ್ಲಿ ಅಂಕವೂ ಇರುವುದಿಲ್ಲ.

ಭಟ್ಟಿಯವರು ತಿಂಗಳಾದ ಮೇಲೆ ಹೊಸ ರಿಪೋರ್ಟ್ ತಂದರು. ಐದನೇ ಪುಟದಲ್ಲಿ ಈ ಸಲ ತಿಂಗಳಿಗೊಂದು ಬೇರೆ ಅಂಕಿ ಇತ್ತು. ನನ್ನ ಮುಂದೆ ಮೊದಲು ಆ ಪುಟವನ್ನೇ ತೆಗೆದಿಟ್ಟರು. ನೀನೂ ಮುಂದಿನ ರಿಪೋರ್ಟ್ ತಡವಾಗುವ ಸೂಚನೆ ಕಂಡ ದಿನವೇ ಮ್ಯಾನೇಜರ್‌ಗೆ ಹೇಳಿ, ಕೆಲಸ ಮುಗಿದ ಮೇಲೆ ‘ಈ ಸಲ ಸರಿಯಾಯ್ತಾ?’ ಅಂತ ಕೇಳು.

ಮೆಸೇಜ್ ಕಳಿಸುವ ಮುಂಚೆ ಭಾನುವಾರ ಫೋನ್ ಮಾಡಿ ನನಗೊಮ್ಮೆ ಓದಿ ಹೇಳು. ಎಲ್ಲಾದರೂ ‘ಯಾಕೆ’ ಅಂತ ಇದ್ದರೆ ತೆಗೆಸುತ್ತೇನೆ.

ನಿನ್ನ
ಅಮ್ಮ